ಕೈ ಹಿಡಿದವರು ಯಾರು? ದೇವರನ್ನು ಗಂಡನೆಂದ ಕಾವ್ಯದ ಹಿನ್ನೆಲೆ

ದೇವರನ್ನು ನಲ್ಲನೆಂದೋ ಗಂಡನೆಂದೋ ಕರೆಯುವ ಕಾವ್ಯದ ಬಗ್ಗೆ ಮಾತು ಬಂದಾಗಲೆಲ್ಲ ಓದುಗರು ಎರಡು ಪಂಗಡವಾಗುವುದು ವಾಡಿಕೆ. ಇದು ಜೀವಾತ್ಮ ಪರಮಾತ್ಮರ ಸಂಕೇತ, ಒಲವಿನ ಮಾತೆಲ್ಲ ಮೇಲಿನ ಹೊದಿಕೆ ಎನ್ನುವವರು ಕೆಲವರು. ಇದು ದೇಹವುಳ್ಳ ಹೆಣ್ಣಿನ ನೇರ ಮಾತು, ಅಧ್ಯಾತ್ಮದ ಹೊದಿಕೆಯನ್ನು ಆಮೇಲಿನವರು ಹೊದಿಸಿದರು ಎನ್ನುವವರು ಇನ್ನು ಕೆಲವರು. ಈ ರೂಪಕ ಎಲ್ಲೆಡೆಯೂ ಒಂದೇ ಆಗಿತ್ತೆಂದು ಇಬ್ಬರೂ ಒಪ್ಪಿಕೊಂಡೇ ವಾದಕ್ಕೆ ಇಳಿಯುವುದರಿಂದ ಗಂಟು ಇನ್ನಷ್ಟು ಬಿಗಿಯಾಗಿದೆ. ಯಾರು ಯಾರನ್ನು ಕರೆಯುತ್ತಾರೆ, ಯಾರು ಯಾರ ಬಳಿಗೆ ಹೋಗುತ್ತಾರೆ, ಯಾರು ಯಾರ ಕೈ ಹಿಡಿಯುತ್ತಾರೆ ಎಂದು ಪದ್ಯಗಳನ್ನೇ ಕೇಳಿದರೆ ಉತ್ತರಗಳು ಬೇರೆ ಬೇರೆಯಾಗಿಯೇ ಸಿಗುತ್ತವೆ.

ನಮ್ಮ ನೆರೆಯ ತಮಿಳಿನಲ್ಲಿ ಈ ಕಥೆ ಒಂದು ಕಟ್ಟಳೆಯನ್ನು ಮುರಿಯುವುದರೊಂದಿಗೆ ತೊಡಗುತ್ತದೆ. ಸಂಗಂ ಕಾಲದ ಒಲವಿನ ಪದ್ಯಗಳಿಗೆ 'ಅಗಂ', ಅಂದರೆ ಒಳಗಿನದು, ಎಂದು ಹೆಸರು. ಅಲ್ಲಿ ನಾಯಕಿ, ಅವಳ ಗೆಳತಿ, ತಾಯಿ ಮಾತಾಡುತ್ತಾರೆ. ಆದರೆ ನಾಯಕನ ಹೆಸರನ್ನು ಹೇಳಕೂಡದೆಂದು ತಮಿಳಿನ ಹಳೆಯ ಲಕ್ಷಣಗ್ರಂಥ 'ತೊಲ್ಕಾಪ್ಪಿಯಂ' ವಿಧಿಸುತ್ತದೆ. ಹೆಸರು ಬಂದರೆ ಆ ಪದ್ಯ ಹೊರಗಿನದಾಗಿಬಿಡುತ್ತದೆ. ವಿಷ್ಣುಭಕ್ತ ಕವಿಗಳಾದ ಆಳ್ವಾರರು ಅದೇ ನಾಯಕಿಯನ್ನೂ ಗೆಳತಿಯನ್ನೂ ತಾಯಿಯನ್ನೂ ಉಳಿಸಿಕೊಂಡು, ನಾಯಕನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿದರು. ಅವನು ತಿರುಮಾಲ್, ಅಂದರೆ ವಿಷ್ಣು, ಅವನ ಊರು ಶ್ರೀರಂಗ, ತಿರುಪತಿ. ಗಂಡಸಾದ ನಮ್ಮಾಳ್ವಾರರು ಮಗಳಾಗಿಯೂ, ಮಗಳಿಗಾಗಿ ಮರುಗುವ ತಾಯಿಯಾಗಿಯೂ ಹಾಡಿದರು. ಹೀಗೆ ಒಳಗಿನ ಒಲವಿಗೆ ಹೆಸರೂ ಊರೂ ಬಂದವು.

ಆಂಡಾಳ್‌ಗೆ ಅಂಥ ವೇಷದ ಅಗತ್ಯವಿರಲಿಲ್ಲ. ಎಂಟು ಒಂಬತ್ತನೆಯ ಶತಮಾನದ ಸುಮಾರಿನ ಈ ಕವಯಿತ್ರಿಯ 'ನಾಚ್ಚಿಯಾರ್ ತಿರುಮೊಳಿ'ಯಲ್ಲಿ ಒಂದು ಮದುವೆಯ ಕನಸಿದೆ. ಇಂದಿಗೂ ತಮಿಳು ವೈಷ್ಣವರ ಮದುವೆಗಳಲ್ಲಿ ಅದನ್ನು ಹಾಡುತ್ತಾರೆ. 'ಗೆಳತಿ, ನಾನೊಂದು ಕನಸು ಕಂಡೆ' ಎಂಬ ಮಾತು ಪದ್ಯದಿಂದ ಪದ್ಯಕ್ಕೆ ಮರಳಿ ಬರುತ್ತದೆ. ಸಾವಿರ ಆನೆಗಳ ನಡುವೆ ನಾರಾಯಣ ಬರುತ್ತಾನೆ. ಊರೆಲ್ಲ ಹೊನ್ನಿನ ಕಲಶ, ತೋರಣ. ಇಂದ್ರಾದಿಗಳು ಬಂದು ಹೆಣ್ಣು ಕೇಳುತ್ತಾರೆ, ದುರ್ಗೆ ಸೀರೆ ಉಡಿಸಿ ಮಾಲೆ ಹಾಕುತ್ತಾಳೆ. ಮದ್ದಳೆ ಬಾರಿಸುತ್ತದೆ, ಶಂಖ ಮೊಳಗುತ್ತದೆ, ಮುತ್ತಿನ ಸರಗಳು ಇಳಿಬಿದ್ದ ಚಪ್ಪರದಡಿ ಅವನು ಅವಳ ಕೈ ಹಿಡಿಯುತ್ತಾನೆ. ಆಮೇಲೆ ಅಗ್ನಿಪ್ರದಕ್ಷಿಣೆ, ಕಲ್ಲಿನ ಮೇಲೆ ಪಾದವಿಡುವುದು, ಅಣ್ಣಂದಿರು ಕೈಗೆ ಅರಳು ತುಂಬುವುದು. ಒಂದು ಶಾಸ್ತ್ರವನ್ನೂ ಬಿಡದೆ, ಬಂಧುಬಳಗದ ಒಪ್ಪಿಗೆಯೊಡನೆ ನಡೆಯುವ ಮದುವೆ ಇದು. ದೇವರು ಇಲ್ಲಿ ಮನೆಯವರೆಲ್ಲರೂ ಒಪ್ಪಿದ ವರ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯೂ ಒಂದು ಕನಸು ಕಂಡಳು, ಅವಳೂ ಅದನ್ನು ಹೆಣ್ಣಿಗೇ ಹೇಳಿದಳು: 'ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ.' ಮೊದಲು ಕಾಣುವುದು ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಮದುವೆಯ ಸಾಮಗ್ರಿ ಇಷ್ಟಕ್ಕೇ ಮುಗಿಯಿತು. ಚಪ್ಪರವಿಲ್ಲ, ಆನೆಯಿಲ್ಲ, ಹೆಣ್ಣು ಕೇಳಲು ಬಂದ ಹಿರಿಯರಿಲ್ಲ. ಮನೆಗೆ ಬಂದವನು ಚಿಕ್ಕ ಚಿಕ್ಕ ಜಡೆಗಳ, ಚೆಲುವಾದ ಹಲ್ಲಿನ ಗೊರವ, ಭಿಕ್ಷೆಗೆ ಬಂದವನು. ಅವನು ನಿಲ್ಲದೆ ಮೀರಿ ಹೋಗುತ್ತಾನೆ. ಇವಳು ಬೆನ್ನಟ್ಟಿ ಹೋಗಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆದೆ ಎಂಬಲ್ಲಿಗೆ ವಚನ ಮುಗಿಯುತ್ತದೆ.

ಆಂಡಾಳ್‌ಳ ಕನಸಿನಲ್ಲಿ ಗಂಡು ಕೈ ಹಿಡಿದ, ಅಕ್ಕನ ಕನಸಿನಲ್ಲಿ ಹೆಣ್ಣು ಕೈ ಹಿಡಿದಳು. ಒಂದೇ ರೂಪಕದೊಳಗಿನ ಈ ಅಂತರವನ್ನು ಜೀವಾತ್ಮ ಪರಮಾತ್ಮ ಎಂಬ ಸೂತ್ರ ಅಳಿಸಿಹಾಕುತ್ತದೆ. 'ಸಾವ ಕೆಡುವ ಗಂಡರನ್ನು' ಒಯ್ದು ಒಲೆಯೊಳಗೆ ಇಕ್ಕು ಎಂದು ತಾಯಿಗೆ ಹೇಳುವ ವಚನದಲ್ಲಿ ಅಕ್ಕ ದೇವರನ್ನು ಗಂಡನಿಗೆ ಹೋಲಿಸುತ್ತಿಲ್ಲ. ಗಂಡ ಎಂಬ ಪದಕ್ಕೆ ನಿಜವಾದ ಹಕ್ಕುದಾರ ಒಬ್ಬನೇ, ಉಳಿದವರ ಹಕ್ಕು ಸುಳ್ಳು ಎನ್ನುತ್ತಿದ್ದಾಳೆ. ಸಾವಿಲ್ಲದ, ಕೇಡಿಲ್ಲದ, ರೂಪವಿಲ್ಲದ ಚೆಲುವನಿಗೆ ಒಲಿದೆ ಎಂದು ಗುಣಗಳನ್ನೆಲ್ಲ ಕಳಚುತ್ತ ಹೋದರೂ 'ಚೆಲುವ' ಎಂಬ ಒಂದು ಪದವನ್ನು ಅವಳು ಕೈಬಿಡುವುದಿಲ್ಲ.

ಅವಳ ಬದುಕಿನ ಕಥೆಯಲ್ಲೂ ಈ ಪದದ ಭಾರ ಕಾಣುತ್ತದೆ. ಹರಿಹರನ ರಗಳೆಯಲ್ಲಿ ಉಡುತಡಿಯ ಮಹಾದೇವಿ ಷರತ್ತುಗಳನ್ನು ಒಡ್ಡಿ ಕೌಶಿಕನನ್ನು ಮದುವೆಯಾಗುತ್ತಾಳೆ. ಅವನು ಮಾತಿಗೆ ತಪ್ಪಿದಾಗ ಹೊರನಡೆಯುತ್ತಾಳೆ. ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯ ಹೊತ್ತಿಗೆ ಆ ಮದುವೆ ನಡೆಯುವುದೇ ಇಲ್ಲ. ಶಿವನೇ ಪತಿ ಎಂಬ ಮಾತು ನೆಲೆಗೊಂಡ ಮೇಲೆ ಮನುಷ್ಯನೊಬ್ಬನ ಜೊತೆಗಿನ ಸಂಸಾರ ಅದಕ್ಕೆ ಅಡ್ಡಿಯಾಗಿ ಕಂಡಿರಬೇಕು. ನನಗೆ ಹರಿಹರನ ಕಥೆಯೇ ವಚನಗಳಿಗೆ ಹತ್ತಿರವೆನಿಸುತ್ತದೆ. ಒಳಗಣ ಗಂಡ, ಹೊರಗಣ ಮಿಂಡ, ಎರಡನ್ನೂ ನಡೆಸಲು ಬಾರದು ಎಂಬ ಮಾತಿನ ತಳಮಳ ಆ ಇಕ್ಕಟ್ಟನ್ನು ಬಲ್ಲವರದು.

ಅಕ್ಕನ ಸುತ್ತಿನ ಗಂಡು ಶರಣರೂ ಇದೇ ದಾರಿ ಹಿಡಿದರು. ಮುಂದೆ ಅದು 'ಶರಣಸತಿ ಲಿಂಗಪತಿ' ಎಂಬ ಹೆಸರಿನಲ್ಲಿ ಗಟ್ಟಿಯಾಯಿತು. ಉರಿಲಿಂಗದೇವ, ಗಜೇಶ ಮಸಣಯ್ಯ ಇಬ್ಬರೂ ನಲ್ಲನಿಗಾಗಿ ಹಂಬಲಿಸುವ ಹೆಣ್ಣಾಗಿ ನುಡಿದವರು. ಇಲ್ಲಿ ಕನ್ನಡದ ವ್ಯಾಕರಣವೂ ಕೈಜೋಡಿಸಿದೆ. 'ಒಲಿದೆ', 'ಬೆಂದೆ' ಎಂಬ ಉತ್ತಮ ಪುರುಷದ ಕ್ರಿಯಾಪದ ನುಡಿಯುವವರು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ. ಹಿಂದಿಯಲ್ಲಾದರೆ ಕ್ರಿಯಾಪದವೇ ಅದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಕನ್ನಡದಲ್ಲಿ ಹೆಣ್ತನದ ಗುರುತು ಉಳಿಯುವುದು ಅವ್ವ, ಕೆಳದಿ ಎಂಬ ಸಂಬೋಧನೆಗಳಲ್ಲಿ, ನಲ್ಲ, ಗಂಡ ಎಂಬ ಪದಗಳಲ್ಲಿ. ಅವನ್ನು ತೆಗೆದರೆ ಉಳಿಯುವ 'ನಾನು', ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ಮಾತಿಗೆ ಹತ್ತಿರ ಬಂದು ನಿಲ್ಲುತ್ತದೆ.

ಫಾರಸಿಯಲ್ಲಿ ಇದು ತಿರುವುಮುರುವು. ಅಲ್ಲಿ 'ಅವನು', 'ಅವಳು' ಎರಡಕ್ಕೂ 'ಊ' ಎಂಬ ಒಂದೇ ಸರ್ವನಾಮ. ಸೂಫಿ ಗಜಲಿನ ಪ್ರಿಯವ್ಯಕ್ತಿ ಹೆಣ್ಣೋ ಗಂಡೋ ದೇವರೋ ಎಂಬುದು ಮೂಲದಲ್ಲಿ ತೆರೆದೇ ಇರುತ್ತದೆ. ಕನ್ನಡಕ್ಕೆ ತರುವವರು ಮೊದಲ ಸಾಲಿನಲ್ಲೇ ಒಂದನ್ನು ಆರಿಸಿ ಆ ಬಾಗಿಲನ್ನು ಮುಚ್ಚಬೇಕಾಗುತ್ತದೆ. ಅರಬ್ಬಿಯಲ್ಲಿ ಬರೆದ ಸೂಫಿ ಇಬ್ನ್ ಅರಬಿಗೆ ಎದುರಾದ ತೊಡಕು ಬೇರೆ. ಮೆಕ್ಕಾದಲ್ಲಿ ಕಂಡ ನಿಜಾಮ್ ಎಂಬ ವಿದುಷಿಯನ್ನು ನೆನೆದು ಹದಿಮೂರನೆಯ ಶತಮಾನದ ಆದಿಯಲ್ಲಿ ಅವನು ಪದ್ಯಗಳನ್ನು ಕಟ್ಟಿದ. ಇವು ಬರಿಯ ಪ್ರೇಮದ ಹಾಡುಗಳೆಂದು ಅಲೆಪ್ಪೊದಲ್ಲಿ ಆಕ್ಷೇಪ ಎದ್ದಾಗ, ಪದ್ಯ ಪದ್ಯಕ್ಕೂ ಅಧ್ಯಾತ್ಮದ ಅರ್ಥ ಹೇಳುವ ವ್ಯಾಖ್ಯಾನವನ್ನು ತಾನೇ ಬರೆದ. ಹೀಬ್ರೂ ಬೈಬಲಿನ ಒಲವಿನ ಹಾಡಾದ ಪರಮಗೀತೆಗೆ ಆ ರಕ್ಷಣೆ ಬಹು ಹಿಂದೆಯೇ ಸಿಕ್ಕಿತ್ತು. ಯಹೂದಿ ಧರ್ಮಗುರು ರಬ್ಬಿ ಅಕೀವ ಅದನ್ನು ಪವಿತ್ರಗಳಲ್ಲೆಲ್ಲ ಪರಮಪವಿತ್ರವೆಂದ. ಕ್ಲೇರ್ವೋದ ಕ್ರೈಸ್ತ ಸನ್ಯಾಸಿ ಬರ್ನಾರ್ಡ್ ಅದರ ಮೇಲೆ 86 ಪ್ರವಚನ ಬರೆದು 1153ರಲ್ಲಿ ತೀರಿಕೊಂಡಾಗ ಇನ್ನೂ ಮೂರನೆಯ ಅಧ್ಯಾಯದ ಆರಂಭದಲ್ಲಿದ್ದ. ಇಷ್ಟೆಲ್ಲ ವ್ಯಾಖ್ಯಾನ ಬೇಕಾಯಿತೆಂದರೆ ಪದ್ಯದೊಳಗಿನ ಒಲವು ಎಂದೂ ಹೊದಿಕೆಯಡಿ ಸುಮ್ಮನೆ ಮಲಗಿರಲಿಲ್ಲವೆಂದೇ ಅರ್ಥ.

ಅಕ್ಕ ತನ್ನ ವಚನಗಳಿಗೆ ವ್ಯಾಖ್ಯಾನ ಬರೆಯಲಿಲ್ಲ. ಆದರೆ ರೂಪಕ ಎಲ್ಲಿಯವರೆಗೆ ಎಂಬುದನ್ನು ಅವಳೇ ಒಂದು ವಚನದಲ್ಲಿ ತೋರಿಸಿದ್ದಾಳೆ. ಲಿಂಗವೆನ್ನೆ, ಲಿಂಗೈಕ್ಯವೆನ್ನೆ, ಸಂಗವೆನ್ನೆ, ಸಮರಸವೆನ್ನೆ, ನೀನೆನ್ನೆ, ನಾನೆನ್ನೆ ಎಂದು ಒಂದೊಂದೇ ಮಾತನ್ನು ಕೆಳಗಿಡುತ್ತಾಳೆ. ಗಂಡ ಎಂಬ ಪದವಂತೂ ಅಲ್ಲಿ ಸುಳಿಯುವುದೇ ಇಲ್ಲ. ಲಿಂಗೈಕ್ಯವಾದ ಬಳಿಕ ಏನನ್ನೂ ಎನ್ನೆ ಎಂಬ ಕೊನೆಯ ಮಾತನ್ನು ಹೇಳುವ ಮುಂಚೆ, 'ಚೆನ್ನಮಲ್ಲಿಕಾರ್ಜುನಯ್ಯಾ' ಎಂದು ಮಾತ್ರ ಒಮ್ಮೆ ಕರೆಯುತ್ತಾಳೆ.