ಎಣ್ಣೆ ಕುಪ್ಪಿ ಹಿಡಿದ ಕೈ: ಬೆರಳು ಐದೇ ಇದ್ದರೂ ಸರಿ ಕಾಣುವುದಿಲ್ಲ, ಯಾಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಎಣ್ಣೆ ಗಾಣ. ಒಬ್ಬ ಹೆಂಗಸು ನಮ್ಮ ತೆಂಗಿನೆಣ್ಣೆ ಕುಪ್ಪಿಯನ್ನು ಹಿಡಿದು ತೋರಿಸುವ ಚಿತ್ರವನ್ನು ಎಐಯಲ್ಲಿ ಮಾಡಿಸುತ್ತಿದ್ದೇನೆ. ಮುಖ, ಸೀರೆ, ಹಿಂದಿನ ತೋಟ ಎಲ್ಲ ಚೆನ್ನಾಗಿ ಬರುತ್ತದೆ. ಕೈ ಮಾತ್ರ ಕೆಡುತ್ತದೆ. ಒಮ್ಮೆ ಬೆರಳು ಹೆಚ್ಚಾಗುತ್ತದೆ, ಒಮ್ಮೆ ಗಾಜಿನ ಒಳಗೇ ಹೋದ ಹಾಗೆ ಕಾಣುತ್ತದೆ. ಐದೇ ಬೆರಳು ಬಂದಾಗಲೂ ಏನೋ ಸರಿಯಿಲ್ಲ ಅನಿಸುತ್ತದೆ. ಏನು ಮಾಡಬೇಕು?

ಉತ್ತರ: ನಿಮ್ಮ ಕೊನೆಯ ಮಾತನ್ನು ಮೊದಲು ಹಿಡಿಯೋಣ. ಹೆಚ್ಚುವರಿ ಬೆರಳು ಯಾರ ಕಣ್ಣಿಗೂ ಬೀಳುತ್ತದೆ. ಐದೇ ಬೆರಳಿದ್ದೂ ಕೈ ಸುಳ್ಳೆನಿಸಿದರೆ, ಹೆಚ್ಚಾಗಿ ತಪ್ಪಿರುವುದು ಹೆಬ್ಬೆರಳಿನ ಬದಿ.

ಈಗಲೇ ಒಂದು ಕುಪ್ಪಿ ತೆಗೆದುಕೊಳ್ಳಿ. ಲೇಬಲ್ ಎದುರಿನವರಿಗೆ ಪೂರ್ತಿ ಕಾಣಬೇಕು, ಅಂಗೈ ಕುಪ್ಪಿಯ ಹಿಂದೆ ಇರಬೇಕು, ಹಾಗೆ ಬಲಗೈಯಲ್ಲಿ ಹಿಡಿಯಿರಿ. ಎದುರು ನಿಂತವರಿಗೆ ನಿಮ್ಮ ಹೆಬ್ಬೆರಳು ಕುಪ್ಪಿಯ ಬಲಬದಿಯಲ್ಲೂ ಉಳಿದ ಬೆರಳುಗಳ ತುದಿ ಎಡಬದಿಯಲ್ಲೂ ಕಾಣುತ್ತವೆ. ಇದು ಅದಲುಬದಲಾದರೆ ಆ ಹೆಂಗಸಿನ ಬಲತೋಳಿಗೆ ಎಡಗೈ ಅಂಟಿಸಿದ ಹಾಗಾಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬರುವುದಿಲ್ಲ, ಆದರೆ ಕಸಿವಿಸಿಯಾಗುತ್ತದೆ. ಇದನ್ನು ಕನ್ನಡಿಯಲ್ಲಿ ನೋಡಿ ನಿರ್ಧರಿಸಬೇಡಿ, ಅಲ್ಲಿ ಎಡಬಲ ತಿರುಗುತ್ತದೆ. ಅನೇಕ ಫೋನುಗಳ ಸೆಲ್ಫಿ ಪರದೆಯಲ್ಲೂ ಹಾಗೆಯೇ. ಹಿಂಬದಿಯ ಕ್ಯಾಮೆರಾದಲ್ಲಿ ಬೇರೆಯವರಿಂದ ತೆಗೆಸಿ ನೋಡಿ.

ಅದೇ ಫೋಟೋದಲ್ಲಿ ಇನ್ನೊಂದೆರಡು ಸಂಗತಿ ಗಮನಿಸಿ. ಎಡಬದಿಯಲ್ಲಿ ಬೆರಳು ಪೂರ್ತಿ ಕಾಣುವುದಿಲ್ಲ. ಸಾಮಾನ್ಯವಾಗಿ ಕೊನೆಯ ಗೆಣ್ಣು, ಅದರ ಹಿಂದಿನ ಗೆಣ್ಣಿನ ಸ್ವಲ್ಪ ಭಾಗ ಇಣುಕುತ್ತದೆ. 7 ಸೆಂಟಿಮೀಟರ್ ಅಗಲದ ಕುಪ್ಪಿಯ ಸುತ್ತಳತೆ ಸುಮಾರು 22 ಸೆಂಟಿಮೀಟರ್. ಮಣಿಕಟ್ಟಿನಿಂದ ನಡುಬೆರಳ ತುದಿವರೆಗೆ ದೊಡ್ಡವರ ಕೈ ಸಾಮಾನ್ಯವಾಗಿ 17ರಿಂದ 19 ಸೆಂಟಿಮೀಟರ್. ಅದರಲ್ಲೂ ಅಂಗೈ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಮೂರೂ ಗೆಣ್ಣು ಲೇಬಲ್ ಮೇಲೆ ಚಾಚಿರುವ ಚಿತ್ರ ಬಂದರೆ ಆ ಬೆರಳು ಅಳತೆ ಮೀರಿ ಉದ್ದವಾಗಿರುವ ಸಂಭವ ಹೆಚ್ಚು. ತುದಿಗಳು ಒಂದೇ ಗೆರೆಯಲ್ಲೂ ನಿಲ್ಲುವುದಿಲ್ಲ. ನಡುಬೆರಳು ಹೆಚ್ಚು ಮುಂದೆ, ಕಿರುಬೆರಳು ಎಲ್ಲಕ್ಕಿಂತ ಹಿಂದೆ. ಕೆಲವರು ಕಿರುಬೆರಳನ್ನು ಕುಪ್ಪಿಯ ತಳಕ್ಕೆ ಆಸರೆ ಕೊಡುತ್ತಾರೆ, ಆಗ ಬದಿಯಲ್ಲಿ ಮೂರೇ ತುದಿ ಕಾಣುತ್ತದೆ, ಅದು ಸರಿಯೇ. ಬರೇ ಬೆರಳು ಎಣಿಸಿ ಚಿತ್ರವನ್ನು ಒಪ್ಪುವುದೂ ಬಿಡುವುದೂ ಎರಡೂ ತಪ್ಪು ದಾರಿ.

ಎಐಗೆ ಇದು ಯಾಕೆ ತಿಳಿಯುವುದಿಲ್ಲ? ಅದು ಕಲಿತದ್ದು ಚಪ್ಪಟೆ ಚಿತ್ರಗಳಿಂದ. ವಸ್ತು ಹಿಡಿದ ಕೈಯ ಅರ್ಧ ಭಾಗ ಪ್ರತಿ ಚಿತ್ರದಲ್ಲೂ ಮರೆಯಾಗಿರುತ್ತದೆ, ಆ ಮರೆಯಲ್ಲಿ ಬೆರಳು ಎಲ್ಲಿ ಮಡಚಿದೆ ಎಂಬ ಲೆಕ್ಕ ಅದಕ್ಕಿಲ್ಲ. ಜೊತೆಗೆ ಜಾಗದ ಕೊರತೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಚಿತ್ರವನ್ನು ಉದ್ದಗಲ ಎರಡರಲ್ಲೂ ಎಂಟರಲ್ಲೊಂದಕ್ಕೆ ಕುಗ್ಗಿಸಿ ಕೆಲಸ ಮಾಡುತ್ತವೆ. 1024 ಪಿಕ್ಸೆಲ್ ಚಿತ್ರದಲ್ಲಿ ಸೊಂಟದವರೆಗಿನ ಹೆಂಗಸು ನಿಂತರೆ ಒಂದು ಬೆರಳಿನ ದಪ್ಪ ಸುಮಾರು 25 ಪಿಕ್ಸೆಲ್. ಕುಗ್ಗಿದ ಮೇಲೆ ಅದಕ್ಕೆ ಉಳಿಯುವುದು ಮೂರು ಚೌಕ. ಉಗುರು, ಗೆಣ್ಣಿನ ಗೆರೆ, ಎರಡು ಬೆರಳ ನಡುವಿನ ಸಂದು, ಎಲ್ಲವೂ ಅಷ್ಟರೊಳಗೆ ಹಿಡಿಯಬೇಕು. ಆದ್ದರಿಂದ ‘ಪರ್ಫೆಕ್ಟ್ ಹ್ಯಾಂಡ್ಸ್’ ಎಂದು ಬರೆಯುವುದರಿಂದ, ‘ಎಕ್ಸ್‌ಟ್ರಾ ಫಿಂಗರ್ಸ್’ ಬೇಡ ಎನ್ನುವುದರಿಂದ ಆಗುವ ಲಾಭ ಬಹಳ ಕಡಿಮೆ. ಯಾವ ಬೆರಳು ಎಲ್ಲಿ ಮುಟ್ಟಿದೆ ಎಂದು ಬರೆದರೆ ಸ್ವಲ್ಪ ಮೇಲು:

```
right hand holding the bottle from behind,
thumb on the right side, fingertips on the
left side, label fully visible
```

ಆದರೂ ನನ್ನ ಸಲಹೆ ಸ್ಪಷ್ಟ: ಹಿಡಿತವನ್ನು ಕಲ್ಪಿಸುವ ಕೆಲಸ ಎಐಗೆ ಬಿಡಬೇಡಿ. ಮನೆಯವರ ಕೈಗೆ ನಿಮ್ಮದೇ ಕುಪ್ಪಿ ಕೊಟ್ಟು, ಕಿಟಕಿಯ ಬದಿಯ ಬೆಳಕಿನಲ್ಲಿ, ಮೊಣಕೈವರೆಗೆ ಕಾಣುವಂತೆ ಫೋಟೋ ತೆಗೆಯಿರಿ. ಚಿತ್ರದಲ್ಲಿ ತೋಟದ ಬೆಳಕು ಎಡದಿಂದ ಬರಬೇಕಿದ್ದರೆ ಕಿಟಕಿಯೂ ಎಡಕ್ಕಿರಲಿ. ಕೈಯನ್ನೂ ಕುಪ್ಪಿಯನ್ನೂ ಎಐ ಮುಟ್ಟದ ಹಾಗೆ ಮಾಸ್ಕ್ ಮಾಡಿ, ಅಂದರೆ ಎಐ ಬದಲಿಸಬೇಕಾದ ಜಾಗವನ್ನಷ್ಟೇ ಗುರುತಿಸಿ, ಉಳಿದದ್ದನ್ನು ಮಾತ್ರ ಅದರಿಂದ ಬರೆಸಿ. ಮಾಸ್ಕಿನ ಅಂಚು ಮೊಣಕೈಯ ಬಳಿ ಅಥವಾ ಬಳೆಯ ಸಾಲಿನಲ್ಲಿ ಬರಲಿ, ಬೆರಳ ಬುಡದಲ್ಲಿ ಬಂದರೆ ಜೋಡಣೆ ಎದ್ದು ಕಾಣುತ್ತದೆ.

ಮುಖ, ಸೀರೆ ಈಗಾಗಲೇ ಚೆನ್ನಾಗಿ ಬಂದ ಚಿತ್ರವನ್ನು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಕೈಯಷ್ಟನ್ನೇ ಮತ್ತೆ ಬರೆಸಬಹುದು. ಸ್ಟೇಬಲ್ ಡಿಫ್ಯೂಷನ್‌ನ ವೆಬ್ ಯುಐಯಲ್ಲಿ ಇನ್‌ಪೇಂಟ್‌ಗೆ ಹೋಗಿ ಕೈ, ಮಣಿಕಟ್ಟು, ಕುಪ್ಪಿಯ ಅಂಚು ಸೇರುವಂತೆ ಮಾಸ್ಕ್ ಎಳೆಯಿರಿ. `Only masked` ಆರಿಸಿದರೆ ಆ ತುಂಡನ್ನು ದೊಡ್ಡದು ಮಾಡಿ ಬರೆದು ಮತ್ತೆ ಅದೇ ಜಾಗಕ್ಕೆ ಕೂರಿಸುತ್ತದೆ, ಬೆರಳಿಗೆ ಬೇಕಾದ ಜಾಗ ಆಗ ಸಿಗುತ್ತದೆ. `Denoising strength` 0.4ರಿಂದ 0.6ರ ನಡುವೆ ಇಟ್ಟು ನೋಡಿ. 0.2ರಲ್ಲಿ ಹಳೆಯ ತಪ್ಪು ಬೆರಳೇ ನುಣುಪಾಗಿ ಉಳಿಯುತ್ತದೆ, 0.9ರಲ್ಲಿ ಎಐ ಮತ್ತೆ ತನ್ನದೇ ಕೈ ಕಲ್ಪಿಸುತ್ತದೆ. ಹೆಬ್ಬೆರಳಿನ ಬದಿಯೇ ತಪ್ಪಿದ್ದರೆ ಇಷ್ಟು ಸಾಲದು. ಆಗ ನಿಮ್ಮ ಕೈಯ ಫೋಟೋವನ್ನು ಆ ಜಾಗದಲ್ಲಿ ಒರಟಾಗಿ ಅಂಟಿಸಿಕೊಂಡು, ಅದರಿಂದ ತೆಗೆದ, ಯಾವುದು ಹತ್ತಿರ ಯಾವುದು ದೂರ ಎಂದು ತೋರಿಸುವ ಡೆಪ್ತ್ ನಕ್ಷೆಯನ್ನು, ಎಐ ಆ ಆಕಾರಕ್ಕೆ ಬದ್ಧವಾಗಿ ಬರೆಯುವಂತೆ ಮಾಡುವ ಕಂಟ್ರೋಲ್‌ನೆಟ್‌ಗೆ ಕೊಟ್ಟು ಇನ್‌ಪೇಂಟ್ ಮಾಡಿ. ಕಂಟ್ರೋಲ್‌ನೆಟ್‌ಗೆ ಕೊಡಬಹುದಾದ ಇನ್ನೊಂದು ಬಗೆಯ ನಕ್ಷೆ ಓಪನ್‌ಪೋಸ್ ಬೆರಳಿನ ಗೆಣ್ಣುಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸುತ್ತದೆ, ಆದರೆ ಯಾವುದು ಕುಪ್ಪಿಯ ಮುಂದೆ, ಯಾವುದು ಹಿಂದೆ ಎಂದು ಹೇಳುವುದಿಲ್ಲ. ಹಿಡಿತಕ್ಕೆ ಬೇಕಾದದ್ದು ಅದೇ, ಹಾಗಾಗಿ ನಾನು ಡೆಪ್ತ್ ಅನ್ನೇ ಆರಿಸುತ್ತೇನೆ.

ಬೆರಳು ಗಾಜಿನೊಳಗೆ ಹೋದ ಹಾಗೆ ಕಾಣುವುದಕ್ಕೆ ಮದ್ದು ಬೇರೆ. ತುದಿ ಗಾಜಿಗೆ ತಾಗುವಲ್ಲಿ ಸಣ್ಣದೊಂದು ಕಡು ನೆರಳಿನ ಗೆರೆ ಇರಬೇಕು, ಚರ್ಮ ತುಸು ಚಪ್ಪಟೆಯಾಗಿರಬೇಕು. ಆ ನೆರಳಿಲ್ಲದಿದ್ದರೆ ಬೆರಳು ತೇಲುತ್ತದೆ, ಅಂಚೇ ಕಲಸಿಹೋಗಿದ್ದರೆ ಹೂತಂತೆ ಕಾಣುತ್ತದೆ. ಲೇಬಲ್ ಇಲ್ಲದ ಭಾಗವನ್ನೂ ಒಮ್ಮೆ ನೋಡಿ. ತಿಳಿ ಎಣ್ಣೆ ತುಂಬಿದ ದುಂಡು ಕುಪ್ಪಿ ಮಸೂರದಂತೆ ಕೆಲಸ ಮಾಡುವುದರಿಂದ ಹಿಂದಿನ ಅಂಗೈ ಅಡ್ಡಕ್ಕೆ ಹಿಗ್ಗಿ ಕಾಣುತ್ತದೆ. ಅದನ್ನು ತಪ್ಪೆಂದು ತಿದ್ದಬೇಡಿ. ಹಿಂದೆ ಕೈಯಿದ್ದೂ ಎಣ್ಣೆಯ ಮೂಲಕ ಬರೇ ತೋಟ ಕಂಡರೆ ಅದು ತಪ್ಪು.

ಲೇಬಲ್ಲಿನ ಕನ್ನಡ, ಮಲಯಾಳ ಅಕ್ಷರಗಳನ್ನು ಎಐ ಕೆಡಿಸುವ ಸಂಭವ ಹೆಚ್ಚು, ಮೂಲ ಲೇಬಲನ್ನೇ ಮೇಲೆ ಕೂರಿಸಬೇಕಾಗುತ್ತದೆ. ಆಗ ಬೆರಳ ತುದಿಗಳನ್ನು ಪ್ರತ್ಯೇಕ ಪದರವಾಗಿ ಲೇಬಲ್ಲಿನ ಮೇಲೆ ಇಡಿ, ಇಲ್ಲದಿದ್ದರೆ ಲೇಬಲ್ ಬೆರಳನ್ನು ಕತ್ತರಿಸುತ್ತದೆ. ಫ್ಲೆಕ್ಸಿಗಾಗಿ ಚಿತ್ರವನ್ನು ದೊಡ್ಡದು ಮಾಡಿಸುವ ಕೆಲಸ ಇದಕ್ಕಿಂತ ಮೊದಲೇ ಮುಗಿಯಲಿ. ಕೆಲವು ಅಪ್‌ಸ್ಕೇಲರ್‌ಗಳು ವಿವರ ಸೇರಿಸುವ ನೆಪದಲ್ಲಿ ಬೆರಳನ್ನೂ ಅಕ್ಷರವನ್ನೂ ಹೊಸದಾಗಿ ಬರೆದುಬಿಡುತ್ತವೆ. ದೊಡ್ಡ ಚಿತ್ರದ ಮೇಲೆ ಫೋಟೋದ ಬೆರಳು, ಮೂಲ ಲೇಬಲ್ ಎರಡನ್ನೂ ಕೂರಿಸಿ, ಆಮೇಲೆ ಪ್ರೆಸ್ಸಿಗೆ ಕಳುಹಿಸಿ.