ಆಳ ಗೊತ್ತಿದ್ದರೆ ಅಲೆಯ ವೇಗ ಗೊತ್ತಾದಂತೆ

ಹುಬ್ಬಳ್ಳಿಯಿಂದ ಸಮುದ್ರ ನೋಡಬೇಕೆಂದರೆ ಅಂಕೋಲಾಕ್ಕೋ ಕಾರವಾರಕ್ಕೋ ಘಟ್ಟ ಇಳಿದು ಹೋಗಬೇಕು. ಸುನಾಮಿ ಅಲೆ ಯಾಕೆ ಅಷ್ಟು ಜೋರಾಗಿ ಓಡುತ್ತದೆ ಅನ್ನೋದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ದುರ್ಗದಬೈಲ್ ಸಂತೆಯಲ್ಲಿ ಸಿಗುವ ಉದ್ದನೆಯ, ತೂತಿಲ್ಲದ ಪ್ಲಾಸ್ಟಿಕ್ ಟ್ರೇ ಒಂದಿದ್ದರೆ ಸಾಕು. ಒಳಗಿನ ಉದ್ದ 60 ಸೆಂಟಿಮೀಟರ್ ಇರಲಿ.

ಟ್ರೇಯನ್ನು ಸಮತಟ್ಟಾದ ನೆಲದ ಮೇಲಿಟ್ಟು 1 ಸೆಂಟಿಮೀಟರ್ ನೀರು ಹಾಕಿ. ಒಂದು ತುದಿಯನ್ನು ನಾಣ್ಯದ ದಪ್ಪದಷ್ಟು ಎತ್ತಿ, ನೀರು ನಿಂತ ಮೇಲೆ ಮೆಲ್ಲಗೆ ಇಳಿಸಿ. ಉದ್ದವಾದ ಒಂದು ಉಬ್ಬು ಆ ತುದಿಗೆ ಹೋಗಿ, ಗೋಡೆಗೆ ತಾಗಿ ವಾಪಸ್ ಬರುತ್ತದೆ. ಮೂರು ಸಲ ಹೋಗಿ ಬರಲು ಅದಕ್ಕೆ ಸುಮಾರು ಹನ್ನೆರಡು ಸೆಕೆಂಡ್ ಬೇಕು. ಈಗ ನೀರನ್ನು 4 ಸೆಂಟಿಮೀಟರ್‌ಗೆ ಏರಿಸಿ ಅದನ್ನೇ ಮಾಡಿ. ಈ ಸಲ ಸುಮಾರು ಆರೇ ಸೆಕೆಂಡ್. ಧಪ್ಪನೆ ಇಳಿಸಿದರೆ ಮೇಲೆಲ್ಲಾ ಸಣ್ಣ ಸಣ್ಣ ಸುಕ್ಕುಗಳು ಏಳುತ್ತವೆ. ಅವುಗಳ ಹಿಂದೆ ಕಣ್ಣು ಹಾಯಿಸಿದರೆ ಲೆಕ್ಕ ಕೆಡುತ್ತದೆ. ನೋಡಬೇಕಾದ್ದು ಇಡೀ ನೀರೇ ಅತ್ತಿತ್ತ ವಾಲುವುದನ್ನು. ಇನ್ನೊಂದು ಮಾತು: 1 ಸೆಂಟಿಮೀಟರ್ ನೀರಿರುವಾಗ ನೆಲ ಎರಡು ಮಿಲಿಮೀಟರ್ ವಾಲಿದ್ದರೂ ಒಂದು ತುದಿಯ ಆಳಕ್ಕೂ ಇನ್ನೊಂದು ತುದಿಯ ಆಳಕ್ಕೂ ದೊಡ್ಡ ವ್ಯತ್ಯಾಸವಾಗುತ್ತದೆ.

ಮೊಬೈಲಿನಲ್ಲಿ ಸೆಕೆಂಡ್ ನೋಡುತ್ತಿದ್ದ ಅಣ್ಣನ ಮಗ ಕೇಳಿದ್ದು ಸರಿಯಾದ ಪ್ರಶ್ನೆಯೇ. "ಕಾಕಾ, ನೀರು ನಾಕ್ ಪಟ್ಟು ಆತು. ಭಾರ ಜಾಸ್ತಿ ಅಂದ್ಮ್ಯಾಲೆ ಮೆಲ್ಲಕ ಹೋಗ್ಬೇಕಲ್ಲ?"

ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಭಾರದ ಮಾತು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಉಬ್ಬಿನ ಮುಂಭಾಗದಲ್ಲಿ ನೀರಿನ ಮೇಲ್ಮೈ ಇಳಿಜಾರಾಗಿರುತ್ತದೆ. ಎತ್ತರವಿರುವ ಕಡೆ ಒತ್ತಡ ಜಾಸ್ತಿ, ತಗ್ಗಿನ ಕಡೆ ಕಡಿಮೆ. ಅಲೆ ಆಳಕ್ಕಿಂತ ತುಂಬಾ ಉದ್ದವಾಗಿದ್ದರೆ ಈ ವ್ಯತ್ಯಾಸ ಮೇಲಿಂದ ತಳದವರೆಗೆ ಒಂದೇ ಸಮ ಇರುತ್ತದೆ. ಹಾಗಾಗಿ ಪ್ರತಿ ಲೀಟರ್ ನೀರಿಗೂ ಮುಂದಕ್ಕೆ ಅಷ್ಟೇ ತಳ್ಳು ಸಿಗುತ್ತದೆ, ನೀರು ತೆಳುವಾಗಿರಲಿ, ಆಳವಾಗಿರಲಿ. ಭಾರ ಹೆಚ್ಚಿದಷ್ಟೂ ತಳ್ಳುವ ಬಲವೂ ಹೆಚ್ಚುತ್ತದೆ.

ಮುಖ್ಯ ವಿಷಯ ಇರುವುದು ಇದರ ಮುಂದೆ. ಉಬ್ಬು ಮುಂದೆ ಹೋಗಬೇಕೆಂದರೆ ಮುಂದಿನ ಜಾಗದಲ್ಲಿ ನೀರು ಏರಬೇಕು. ಏರಲು ಹಿಂದಿನಿಂದ ನೀರು ಬಂದು ತುಂಬಬೇಕು. 1 ಸೆಂಟಿಮೀಟರ್ ಆಳದಲ್ಲಿ ಹಾಗೆ ಬರುವುದು ನೀರಿನ ಒಂದು ತೆಳ್ಳಗಿನ ಪದರ ಮಾತ್ರ. 4 ಸೆಂಟಿಮೀಟರ್ ಆಳದಲ್ಲಿ ಅದೇ ವೇಗದಲ್ಲಿ ಸರಿದರೂ ನಾಲ್ಕು ಪಟ್ಟು ನೀರು ಬರುತ್ತದೆ. ಮುಂದಿನ ಜಾಗ ಬೇಗ ತುಂಬುತ್ತದೆ, ಉಬ್ಬು ಬೇಗ ಮುಂದೆ ಹೋಗುತ್ತದೆ.

ಹಾಗಿದ್ದರೆ ವೇಗವೂ ನಾಲ್ಕು ಪಟ್ಟು ಆಗಬೇಕಿತ್ತು. ಎರಡೇ ಪಟ್ಟು ಯಾಕೆ? ಅಲೆ ಬೇಗ ದಾಟಿಹೋದರೆ ಇಳಿಜಾರು ಒಂದೊಂದು ಜಾಗದ ಮೇಲೆ ಇರುವ ಹೊತ್ತೂ ಕಡಿಮೆಯಾಗುತ್ತದೆ. ಅಲೆಯ ವೇಗ ಎರಡು ಪಟ್ಟಾದರೆ ನೀರಿಗೆ ತಳ್ಳು ಸಿಗುವ ಹೊತ್ತು ಅರ್ಧ, ನೀರು ಗಳಿಸುವ ವೇಗವೂ ಅರ್ಧ. ನಾಲ್ಕು ಪಟ್ಟು ಆಳದ ನೀರು ಅರ್ಧ ವೇಗದಲ್ಲಿ ಸರಿದರೆ ಬಂದು ತುಂಬುವುದು ಎರಡು ಪಟ್ಟು ನೀರು. ಎರಡು ಪಟ್ಟು ವೇಗದ ಅಲೆಗೆ ಬೇಕಾದದ್ದೂ ಅಷ್ಟೇ. ಅಲ್ಲಿಗೆ ಲೆಕ್ಕ ಕೂಡಿತು. ಇದನ್ನೇ ಸೂತ್ರದಲ್ಲಿ ಹೀಗೆ ಬರೆಯುತ್ತಾರೆ:

v = √(g × h)

ಇಲ್ಲಿ h ಎಂದರೆ ನೀರಿನ ಆಳ, g ಎಂದರೆ ಭೂಮಿಯ ಗುರುತ್ವ, 9.8. ಆಳವನ್ನು ಮೀಟರಿನಲ್ಲಿ ಹಾಕಿದರೆ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಸಿಗುತ್ತದೆ. ಅಲೆಯ ಎತ್ತರ ಇದರಲ್ಲಿ ಇಲ್ಲವೇ ಇಲ್ಲ. ಆಳಕ್ಕೆ ಹೋಲಿಸಿದರೆ ಉಬ್ಬು ಚಿಕ್ಕದಾಗಿದ್ದರೆ ಸಾಕು, ಅದು ಎಷ್ಟೇ ಇದ್ದರೂ ವೇಗ ಅದೇ.

ಆದರೆ ಒಂದು ಷರತ್ತು. ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಗಾಳಿಗೆ ಏಳುವ ಅಲೆಗಳಿಗೆ ಈ ಸೂತ್ರ ಹಾಕಿದರೆ ತಪ್ಪು ಉತ್ತರ ಬರುತ್ತದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ನೆತ್ತಿಗೆ ಒಂದು ಮೀಟರ್ ಇದೆ ಅಂದುಕೊಳ್ಳಿ. ಅದರ ಅಲುಗಾಟ ಅರ್ಧ ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಸತ್ತೇಹೋಗಿರುತ್ತದೆ. ಅದಕ್ಕಿಂತ ಕೆಳಗೆ ಎಷ್ಟು ನೀರಿದ್ದರೂ ಆ ಅಲೆಗೆ ಸುದ್ದಿಯೇ ಇಲ್ಲ. ಅಂಥ ಅಲೆಯ ವೇಗವನ್ನು ನಿರ್ಧರಿಸುವುದು ಅದರ ಉದ್ದ. ಸಮುದ್ರದ ಗಾಳಿ ಅಲೆಗಳೂ ಹಾಗೇ. ನೂರು ಮೀಟರ್ ಉದ್ದದ ಅಲೆ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ಓಡುತ್ತದೆ, ಕೆಳಗೆ ಒಂದು ಕಿಲೋಮೀಟರ್ ನೀರಿರಲಿ, ಐದು ಕಿಲೋಮೀಟರ್ ಇರಲಿ. ಅಲೆಯ ಉದ್ದ ಆಳದ ಇಪ್ಪತ್ತು ಪಟ್ಟಾದರೂ ಇದ್ದಾಗ ಮಾತ್ರ ಮೇಲಿನ ಸೂತ್ರ ಚೆನ್ನಾಗಿ ಹೊಂದುತ್ತದೆ.

ಸುನಾಮಿಯಲ್ಲಿ ಇರುವ ವಿಶೇಷ ಇದೇ. ಭೂಕಂಪದಲ್ಲಿ ಸಮುದ್ರದ ತಳವೇ ಸುಮಾರು ನೂರು ಕಿಲೋಮೀಟರ್ ಅಗಲಕ್ಕೆ ಎದ್ದು ಇಳಿಯುವುದರಿಂದ ಏಳುವ ಅಲೆಯೂ ನೂರಾರು ಕಿಲೋಮೀಟರ್ ಉದ್ದ ಇರುತ್ತದೆ. ಮೂರು ನಾಲ್ಕು ಕಿಲೋಮೀಟರ್ ಆಳದ ಸಾಗರ ನಮಗೆ ಪಾತಾಳ. ಆ ಅಲೆಯ ಮುಂದೆ ಅದು ಟ್ರೇಯ ನೀರಿನಷ್ಟೇ ತೆಳು. ಅದಕ್ಕೇ ಅಲೆ ತಳದವರೆಗಿನ ನೀರನ್ನೆಲ್ಲ ಸರಿಸುತ್ತದೆ, ಆಳದ ಪೂರ್ತಿ ಲಾಭ ಪಡೆಯುತ್ತದೆ.

2004ರ ಡಿಸೆಂಬರ್ 26ನ್ನೇ ತೆಗೆದುಕೊಳ್ಳೋಣ. ನಮ್ಮ ಸಮಯ ಬೆಳಗ್ಗೆ 6.29ರ ಹೊತ್ತಿಗೆ ಸುಮಾತ್ರಾದ ಪಶ್ಚಿಮಕ್ಕೆ ಭೂಮಿ ನಡುಗಿತು. 9 ಗಂಟೆ ದಾಟುತ್ತಿದ್ದಂತೆ ಅಲೆ ಚೆನ್ನೈ ಮುಟ್ಟಿತು. ಅಂದರೆ ಸುಮಾರು ಎರಡೂವರೆ ಗಂಟೆ. ಬಂಗಾಳ ಕೊಲ್ಲಿಯ ದಾರಿಯಲ್ಲಿ ಆಳ ಸರಾಸರಿ 3300 ಮೀಟರ್ ಅಂತ ಇಟ್ಟುಕೊಂಡರೆ ಸೂತ್ರದ ಪ್ರಕಾರ ವೇಗ ಸೆಕೆಂಡಿಗೆ 180 ಮೀಟರ್, ಗಂಟೆಗೆ ಸುಮಾರು 650 ಕಿಲೋಮೀಟರ್. ಭೂಕಂಪದ ಕೇಂದ್ರದಿಂದ ಚೆನ್ನೈಗೆ ಸುಮಾರು 2000 ಕಿಲೋಮೀಟರ್. ಭಾಗಿಸಿದರೆ ಮೂರು ಗಂಟೆಗಿಂತ ಜಾಸ್ತಿ ಬರುತ್ತದೆ. ಅಲೆ ಬಂದಿದ್ದು ಅರ್ಧ ಗಂಟೆ ಮೊದಲೇ!

ಸೂತ್ರ ಸರಿಯಾಗಿಯೇ ಇದೆ. ನಾವು ಅಳೆದ ದೂರ ತಪ್ಪು. ಕೇಂದ್ರ ಅಂದರೆ ನೆಲ ಬಿರಿಯಲು ಶುರುವಾದ ಜಾಗ ಮಾತ್ರ. ಅಲ್ಲಿಂದ ಬಿರುಕು ಉತ್ತರಕ್ಕೆ ಹರಿದು, ನಿಕೋಬಾರ್ ದಾಟಿ ಅಂಡಮಾನಿನವರೆಗೆ 1200 ಕಿಲೋಮೀಟರಿಗೂ ಜಾಸ್ತಿ ಹೋಯಿತು. ಅದಕ್ಕೆ ಹಿಡಿದದ್ದು ಹತ್ತು ನಿಮಿಷದ ಆಸುಪಾಸು. ಆ ಉದ್ದಕ್ಕೂ ನೀರು ಎದ್ದಿತು. ಚೆನ್ನೈಗೆ ಮೊದಲು ಬಂದದ್ದು ನಿಕೋಬಾರ್ ಕಡೆಯ ಅಲೆ, ಅಲ್ಲಿಂದ ದೂರ ಸುಮಾರು 1400 ಕಿಲೋಮೀಟರ್. ಅದಕ್ಕೆ ಎರಡು ಗಂಟೆ ಹತ್ತು ನಿಮಿಷ. ಉಳಿದ ಇಪ್ಪತ್ತು ಚಿಲ್ಲರೆ ನಿಮಿಷ ಹೋದದ್ದು ಬಿರುಕು ಅಲ್ಲಿಗೆ ಮುಟ್ಟುವುದರಲ್ಲಿ, ಮತ್ತೆ ಕರಾವಳಿಯ ತೆಳು ನೀರಿನಲ್ಲಿ. 50 ಮೀಟರ್ ಆಳದಲ್ಲಿ ಅಲೆಯ ವೇಗ ಗಂಟೆಗೆ 80 ಕಿಲೋಮೀಟರ್, 10 ಮೀಟರಿನಲ್ಲಿ ಬರೀ 36.

ಓಡುವಾಗ ಅದು ಹೇಗಿತ್ತು? ಕಂಪನವಾಗಿ ಎರಡು ಗಂಟೆಗೆ ಜೇಸನ್-1 ಎಂಬ ಉಪಗ್ರಹ ಆ ದಾರಿಯಲ್ಲೇ ಹಾದುಹೋಯಿತು. ಅದು ಅಳೆದ ಎತ್ತರ 60 ಸೆಂಟಿಮೀಟರಿನಷ್ಟು, ಮೊಣಕಾಲು ದಾಟುವಷ್ಟು. ನೂರಾರು ಕಿಲೋಮೀಟರಿಗೆ ಹರಡಿದ ಆ ಉಬ್ಬು ಕೆಳಗಿಂದ ಹಾದುಹೋದರೆ ಹಡಗಿನವರಿಗೆ ಗೊತ್ತೂ ಆಗುವುದಿಲ್ಲ. ನೀರು ಸರಿಯುವ ವೇಗವಂತೂ ಇನ್ನೂ ವಿಚಿತ್ರ. ಅಲೆ ಗಂಟೆಗೆ 650 ಕಿಲೋಮೀಟರ್ ಓಡುವಾಗ ನೀರು ಸೆಕೆಂಡಿಗೆ ಮೂರು ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಇರುವೆ ನಡೆದಂತೆ. ಓಡುವುದು ಉಬ್ಬಿನ ಆಕಾರ, ನೀರಲ್ಲ.

ದಂಡೆಗೆ ಬಂದಂತೆ ಇದು ತಿರುಗುಮುರುಗಾಗುತ್ತದೆ. ಒಂದು ನೆತ್ತಿಗೂ ಇನ್ನೊಂದಕ್ಕೂ ಅರ್ಧ ಗಂಟೆ ಅಂತರ ಇದೆ ಅನ್ನಿ. ಆ ಅಂತರ ಬದಲಾಗುವುದಿಲ್ಲ. ಆಳದಲ್ಲಿ ಅರ್ಧ ಗಂಟೆಗೆ 320 ಕಿಲೋಮೀಟರ್ ಚಾಚಿದ್ದ ಅಲೆ, 10 ಮೀಟರ್ ಆಳಕ್ಕೆ ಬಂದಾಗ 18 ಕಿಲೋಮೀಟರಿಗೆ ಮಡಚಿಕೊಳ್ಳುತ್ತದೆ. ಮುಂಭಾಗ ನಿಧಾನವಾಯಿತು, ಹಿಂಭಾಗ ಇನ್ನೂ ಜೋರಾಗಿ ಬರುತ್ತಲೇ ಇದೆ. ಅಷ್ಟೂ ಶಕ್ತಿ ಚಿಕ್ಕ ಜಾಗದಲ್ಲಿ ತುಂಬಬೇಕು, ಅದಕ್ಕೆ ಎತ್ತರ ಏರುತ್ತದೆ. ಇಳಿಜಾರು ನಯವಾಗಿದ್ದರೆ 60 ಸೆಂಟಿಮೀಟರ್ ಇದ್ದದ್ದು 10 ಮೀಟರ್ ಆಳದಲ್ಲಿ ಎರಡೂವರೆ ಮೀಟರ್ ಆಗುತ್ತದೆ. ಆಗ ನೀರೂ ಸೆಕೆಂಡಿಗೆ ಎರಡೂವರೆ ಮೀಟರ್ ಓಡುತ್ತದೆ. ಅದರಲ್ಲಿ ಕಾಲೂರಿ ನಿಲ್ಲುವುದು ಸಾಧ್ಯವಿಲ್ಲ. ಅದೂ ಒಂದು ಕ್ಷಣದ ಹೊಡೆತವಲ್ಲ, ನಿಮಿಷಗಟ್ಟಲೆ ನುಗ್ಗುತ್ತಲೇ ಇರುತ್ತದೆ. ಅಲ್ಲಿಂದ ಮುಂದೆ ದಡ ಹತ್ತುವಾಗ ಈ ಸರಳ ಲೆಕ್ಕ ನಡೆಯುವುದಿಲ್ಲ. ಉಬ್ಬು ಆಳಕ್ಕಿಂತ ಚಿಕ್ಕದು ಅನ್ನುವ ಮಾತೇ ಅಲ್ಲಿ ಸುಳ್ಳಾಗುತ್ತದೆ. ಹಾಗಾಗಿ ಅಲೆ ಯಾವಾಗ ಬರುತ್ತದೆ ಅಂತ ಹೇಳುವುದು ಸುಲಭ, ಎಷ್ಟು ಎತ್ತರ ಬರುತ್ತದೆ ಅಂತ ಹೇಳುವುದು ಕಷ್ಟ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ 2007ರಿಂದ ಸುನಾಮಿ ಎಚ್ಚರಿಕೆ ಕೊಡುತ್ತಿದೆ. ಅಂಥ ಕಡೆ ಸಮಯದ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಸಮುದ್ರದ ಆಳದ ನಕ್ಷೆ ಮತ್ತು ಅಲೆ ಎದ್ದ ಜಾಗ.

ಈ ಲೆಕ್ಕವನ್ನು ಉಲ್ಟಾ ಹಾಕಿದವರೂ ಇದ್ದಾರೆ, ನನಗೆ ಬಹಳ ಹಿಡಿಸಿದ ಕಥೆ ಇದು. 1854ರ ಡಿಸೆಂಬರ್ 23ರಂದು ಜಪಾನಿನ ಶಿಮೋಡಾ ಊರನ್ನು ಸುನಾಮಿ ಹಾಳು ಮಾಡಿತು. ಆಗಷ್ಟೇ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಉಬ್ಬರ-ಇಳಿತ ಬರೆದಿಡುವ ಯಂತ್ರ ಕೂರಿಸಿದ್ದರು. ಅದರ ಕಾಗದದ ಮೇಲೆ ಯಾರೂ ಕಣ್ಣಲ್ಲಿ ನೋಡದ ಸಣ್ಣ ಅಲೆಗಳು ಮೂಡಿದ್ದವು. ಅಮೆರಿಕದ ಕರಾವಳಿ ಸರ್ವೆಯ ಮುಖ್ಯಸ್ಥ ಅಲೆಕ್ಸಾಂಡರ್ ಡಲ್ಲಾಸ್ ಬೇಚ್ ಅವು ಜಪಾನಿನಿಂದ ಬಂದ ಅಲೆಗಳೆಂದು ಗುರುತಿಸಿ, ಪಯಣದ ಸಮಯದಿಂದ ಶಾಂತಸಾಗರದ ಸರಾಸರಿ ಆಳವನ್ನೇ ಲೆಕ್ಕ ಹಾಕಿದರು. ಸಿಕ್ಕ ಉತ್ತರ ಸುಮಾರು ನಾಲ್ಕು ಕಿಲೋಮೀಟರ್. ಧ್ವನಿಯಿಂದ ಆಳ ಅಳೆಯುವ ಉಪಕರಣ ಇನ್ನೂ ಹುಟ್ಟಿರದ ಕಾಲ ಅದು. ಹಗ್ಗ ಇಳಿಬಿಡದೆಯೇ ಉತ್ತರ ಹೆಚ್ಚುಕಡಿಮೆ ಸರಿಯಾಗಿ ಬಂದಿತ್ತು.

ಈಗ ಸಮುದ್ರದ ತಳದಲ್ಲೇ ಒತ್ತಡ ಅಳೆಯುವ ಉಪಕರಣಗಳಿವೆ, ನಿಮಿಷದ ಲೆಕ್ಕ ಸಿಗುತ್ತದೆ. 2010ರ ಚಿಲಿ ಮತ್ತು 2011ರ ಜಪಾನ್ ಸುನಾಮಿಗಳು ಶಾಂತಸಾಗರದ ಆಚೆ ದಡಕ್ಕೆ ಸೂತ್ರ ಹೇಳಿದ್ದಕ್ಕಿಂತ ಕೆಲವು ಕಡೆ ಹದಿನೈದು ನಿಮಿಷದವರೆಗೆ ತಡವಾಗಿ ಬಂದವು. ಸೂತ್ರ ತಳವನ್ನು ಕಲ್ಲಿನಷ್ಟು ಗಟ್ಟಿ ಅಂತಲೂ, ನೀರು ಕುಗ್ಗುವುದೇ ಇಲ್ಲ ಅಂತಲೂ ಹಿಡಿಯುತ್ತದೆ. ನಿಜಕ್ಕೆ ಅಷ್ಟುದ್ದದ ಉಬ್ಬು ಹಾದುಹೋಗುವಾಗ ಅದರ ಭಾರಕ್ಕೆ ಕೆಳಗಿನ ಭೂಮಿ ಒಂಚೂರು ಕುಸಿಯುತ್ತದೆ, ನೀರೂ ಒಂಚೂರು ಕುಗ್ಗುತ್ತದೆ. ಎರಡೂ ಸೇರಿ ವೇಗ ನೂರಕ್ಕೆ ಒಂದೆರಡು ಪಾಲು ಇಳಿಯುತ್ತದೆ.