ಮುಜಿರಿಸ್–ಬೆರೆನಿಕೆ ಹಡಗು ದಾರಿ: ಮೆಣಸು, ದಿನಾರಿ ನಾಣ್ಯ ಮತ್ತು ಕಾದು ಕೂತ ಜನ

ಪ್ರಾಚೀನ ಕಡಲ ವ್ಯಾಪಾರದ ಪಾಠ ಬಂದರೆ ನಕ್ಷೆಯಲ್ಲಿ ನಾಲ್ಕು ಬಾಣ ಎಳೆದು, ಕೆಳಗೆ "ಮಸಾಲೆ ಹೋಯಿತು, ಚಿನ್ನ ಬಂತು" ಅಂತ ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ. ಇಲ್ಲಿ ನಾನು ಒಂದೇ ದಾರಿ ಹಿಡಿದಿದ್ದೇನೆ. ರೋಮನ್ನರ ಕೈಯಲ್ಲಿದ್ದ ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನಿಂದ ಕೇರಳದ ಮುಜಿರಿಸ್‌ವರೆಗೆ, ಕ್ರಿ.ಶ. 1ರಿಂದ 3ನೇ ಶತಮಾನ. ಮುಜಿರಿಸ್ ಅಂದರೆ ತಮಿಳು ಸಂಗಂ ಕವಿತೆಗಳ ಮುಚಿರಿ, ಪೆರಿಯಾರ್ ನದಿ ಕಡಲು ಸೇರುವ ಕಡೆ ಇದ್ದ ಬಂದರು. ಪಟ್ಟಣಂ ಅನ್ನೋ ಊರಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಜಾಗವೇ ಅದು ಅಂತ ಹಲವರು ಹೇಳುತ್ತಾರೆ.

ಮೊದಲು ಗಾಳಿ ಅರ್ಥ ಆಗಬೇಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದಲ್ಲಿ ನೈಋತ್ಯದಿಂದ ನಮ್ಮ ಕಡೆಗೆ ಗಾಳಿ ಬೀಸುತ್ತದೆ. ನವೆಂಬರ್ ಹೊತ್ತಿಗೆ ಅದು ತಿರುಗಿ ಈಶಾನ್ಯದಿಂದ ಬೀಸೋಕೆ ಶುರುವಾಗುತ್ತದೆ. ಹಾಯಿ ಹಡಗಿಗೆ ಬೇರೆ ಇಂಜಿನ್ ಇಲ್ಲ. ಹಾಗಾಗಿ ಈಜಿಪ್ಟಿನಿಂದ ಜುಲೈನಲ್ಲಿ ಹೊರಟು, ಉತ್ತರದ ಗಾಳಿ ಹಿಡಿದು ಕೆಂಪು ಸಮುದ್ರ ಇಳಿದು, ಏಡನ್ ಕೊಲ್ಲಿ ದಾಟಿ ನೇರ ಪೂರ್ವಕ್ಕೆ ಹಾಯಿ ಬಿಚ್ಚುತ್ತಿದ್ದರು. ಕೆಂಪು ಸಮುದ್ರದ ಬಾಯಲ್ಲಿದ್ದ ಒಕೆಲಿಸ್‌ನಿಂದ ಮುಜಿರಿಸ್‌ಗೆ 40 ದಿನ ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಇನ್ನೂ ಬೇಗ ಹೊರಡಬಹುದಿತ್ತಲ್ವಾ ಅಂತ ಕೇಳಬಹುದು. ಹೊರಟರೆ ಜೂನ್–ಜುಲೈನ ಅಬ್ಬರದ ಮಳೆಗಾಲದಲ್ಲೇ ಮಲಬಾರ್ ತೀರ ಮುಟ್ಟಬೇಕಾಗುತ್ತದೆ. ಆಗ ನಮ್ಮ ಮೀನುಗಾರರೇ ದೋಣಿ ಇಳಿಸಲ್ಲ. ಸೆಪ್ಟೆಂಬರ್ ಹೊತ್ತಿಗೆ ಮಳೆಯ ಜೋರು ತಗ್ಗಿರುತ್ತದೆ, ಹಿಂದಿನಿಂದ ತಳ್ಳೋ ಗಾಳಿ ಮಾತ್ರ ಇನ್ನೂ ಉಳಿದಿರುತ್ತದೆ. ಆ ಸಂದಿಯಲ್ಲೇ ತಲುಪಬೇಕು.

ವಾಪಸ್ ಹೋಗೋದು ಡಿಸೆಂಬರ್ ಆಸುಪಾಸಿನಲ್ಲಿ. ಇಲ್ಲೊಂದು ತೊಡಕಿದೆ. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಉತ್ತರದ ಗಾಳಿಯೇ. ಅಂದರೆ ಸರಕು ತುಂಬಿದ ಹಡಗು ಸೂಯೆಜ್ ಕಡೆಗೆ ಎದುರು ಗಾಳಿಯಲ್ಲಿ ಏಗಬೇಕು. ಅದಕ್ಕೇ ಬೆರೆನಿಕೆ ಬಂದರನ್ನು ಅಷ್ಟು ದಕ್ಷಿಣದಲ್ಲಿ, ನೀರಿಲ್ಲದ ಮರುಭೂಮಿಯ ಅಂಚಿನಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಸರಕು ಇಳಿಸಿ, ಒಂಟೆ ಮೇಲೆ 12 ದಿನ ನೈಲ್ ದಂಡೆಯ ಕೊಪ್ಟೋಸ್ ಊರಿನವರೆಗೆ ಸಾಗಿಸುತ್ತಿದ್ದರು. ಬಿಸಿಲಿಗೆ ಹೆದರಿ ಬಹುಪಾಲು ರಾತ್ರಿಯೇ ನಡೆಯುತ್ತಿದ್ದರಂತೆ. ಅಲ್ಲಿಂದ ನೈಲ್ ನದಿಯಲ್ಲಿ ದೋಣಿ ಮೇಲೆ ಅಲೆಕ್ಸಾಂಡ್ರಿಯ. ನಕ್ಷೆಯಲ್ಲಿ ಬರೀ ಸಮುದ್ರದ ಗೆರೆ ಎಳೆಯೋರು ಈ ಒಂಟೆ ದಾರಿ ಬಿಟ್ಟೇಬಿಡುತ್ತಾರೆ.

ಈಗ ಒಂದು ಹಡಗಿನ ಲೆಕ್ಕ ನೋಡೋಣ. ವಿಯೆನ್ನಾದ ಗ್ರಂಥಾಲಯದಲ್ಲಿ 2ನೇ ಶತಮಾನದ ಒಂದು ಪಪೈರಸ್ ಹಾಳೆ ಇದೆ, 1985ರಲ್ಲಿ ಪ್ರಕಟವಾಯಿತು. ಒಂದು ಬದಿಯಲ್ಲಿ ಮುಜಿರಿಸ್ ಯಾನಕ್ಕೆ ತೆಗೆದ ಸಾಲದ ಷರತ್ತುಗಳು: ಸರಕನ್ನು ಒಂಟೆಯವನಿಗೆ ಒಪ್ಪಿಸಿ ಕಾವಲಿನಲ್ಲಿ ಕೊಪ್ಟೋಸ್‌ಗೆ ತರಬೇಕು, ಅಲ್ಲಿ ಸುಂಕದ ಗೋದಾಮಿನಲ್ಲಿ ಇಟ್ಟು ಸಾಲ ಕೊಟ್ಟವನ ಮುದ್ರೆ ಒತ್ತಬೇಕು, ಹೀಗೆ. ಇನ್ನೊಂದು ಬದಿಯಲ್ಲಿ "ಹರ್ಮಪೊಲ್ಲೋನ್" ಅನ್ನೋ ಹಡಗಿನ ಸರಕಿನ ಬೆಲೆಪಟ್ಟಿ. ಹಾಳೆ ಹರಿದಿದೆ. ಓದೋಕೆ ಸಿಗೋದರಲ್ಲಿ ಗಂಗಾ ಪ್ರದೇಶದ ಜಟಾಮಾಂಸಿಯ 60 ಪೆಟ್ಟಿಗೆ ಮತ್ತು ಆನೆದಂತ ಇವೆ. ಹರಿದುಹೋದ ಭಾಗದಲ್ಲಿ ಮೆಣಸೇ ದೊಡ್ಡ ಬಾಬ್ತು ಅಂತ ಹಲವು ವಿದ್ವಾಂಸರ ವಾದ.

ಆ ಕಾಲದಲ್ಲಿ ಪೂರ್ವದಿಂದ ಬಂದ ಸರಕಿಗೆ ರೋಮ್ ನಾಲ್ಕನೇ ಒಂದು ಭಾಗ ಸುಂಕ ಹಾಕುತ್ತಿತ್ತು. ಹೌದು, ಶೇ. 25! ಸುಂಕ ಕಳೆದು ಉಳಿದ ಮುಕ್ಕಾಲು ಪಾಲಿನ ಬೆಲೆ 1,154 ಟ್ಯಾಲೆಂಟ್ 2,852 ದ್ರಾಕ್ಮ ಅಂತ ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಒಂದು ಟ್ಯಾಲೆಂಟ್‌ಗೆ 6,000 ದ್ರಾಕ್ಮ. ಈಜಿಪ್ಟಿನ ಒಂದು ದ್ರಾಕ್ಮ ಸುಮಾರು ಒಂದು ರೋಮನ್ ಸೆಸ್ಟರ್ಸ್‌ಗೆ ಸಮ. ಗುಣಿಸಿದರೆ 69 ಲಕ್ಷ ಸೆಸ್ಟರ್ಸ್ ದಾಟುತ್ತದೆ. ಅದು ಮುಕ್ಕಾಲು ಪಾಲಾದರೆ ಇಡೀ ಸರಕು ಸುಮಾರು 92 ಲಕ್ಷ, ಸುಂಕ 23 ಲಕ್ಷ. ಆಗಿನ ಸಾಮಾನ್ಯ ಸೈನಿಕನ ವರ್ಷದ ಸಂಬಳ 1,200 ಸೆಸ್ಟರ್ಸ್. ಸುಂಕ ಕಳೆದ ಮೇಲೂ ಒಂದೇ ಹಡಗಿನ ಸರಕಿನಲ್ಲಿ 5,700ಕ್ಕೂ ಹೆಚ್ಚು ಸೈನಿಕರಿಗೆ ಒಂದು ವರ್ಷ ಸಂಬಳ ಕೊಡಬಹುದಿತ್ತು, ಅಂದರೆ ರೋಮನ್ ಸೈನ್ಯದ ಲೀಜನ್ ಅನ್ನೋ ಒಂದು ಪೂರ್ತಿ ದಳಕ್ಕೆ!

ಈ ಲೆಕ್ಕ ಮಾಡಿಕೊಂಡಿದ್ದರೆ ಪರೀಕ್ಷೆಯಲ್ಲಿ ಎಲ್ಲರೂ ಬರೆಯೋ ಒಂದು ಸಾಲನ್ನು ಬೇರೆ ಥರ ನೋಡಬಹುದು. "ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತದೆ" ಅಂತ ಪ್ಲಿನಿ ಗೊಣಗಿದ್ದಾನೆ, ಅದನ್ನೇ ಹಿಡಿದು ರೋಮ್ ಬರಿದಾಯಿತು ಅಂತ ಬರೆಯುತ್ತೇವೆ. ಆದರೆ ಹರ್ಮಪೊಲ್ಲೋನ್‌ನಂಥ 22 ಹಡಗು ಬಂದರೆ ಬರೀ ಸುಂಕದಲ್ಲೇ ಆ 5 ಕೋಟಿ ಖಜಾನೆಗೆ ವಾಪಸ್ ಬರುತ್ತದೆ. ತನ್ನ ಕಾಲದಲ್ಲಿ ಮಿಯೋಸ್ ಹಾರ್ಮೋಸ್ ಅನ್ನೋ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಭಾರತಕ್ಕೆ ಹೋಗುತ್ತಿದ್ದವು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹೇಳುತ್ತಾನೆ. ಎಲ್ಲವೂ ಅಷ್ಟು ದೊಡ್ಡ ಹಡಗುಗಳಲ್ಲ, ಒಪ್ಪೋಣ. ಆದರೂ ಪ್ಲಿನಿಯ ಮಾತನ್ನು ಲೆಕ್ಕಪತ್ರ ಅಂತ ಓದಬಾರದು. ಐಷಾರಾಮದ ಬಗ್ಗೆ ಸಿಟ್ಟಿದ್ದವನ ಮಾತು ಅದು.

ಮೆಣಸು ನಿಜಕ್ಕೂ ಐಷಾರಾಮವಾ? ಪ್ಲಿನಿಯೇ ಬೆಲೆ ಕೊಟ್ಟಿದ್ದಾನೆ: ಒಂದು ರೋಮನ್ ಪೌಂಡ್, ಅಂದರೆ ಸುಮಾರು 325 ಗ್ರಾಂ ಕರಿಮೆಣಸಿಗೆ 4 ದಿನಾರಿ, ಬಿಳಿಮೆಣಸಿಗೆ 7, ಹಿಪ್ಪಲಿಗೆ 15. ದಿನಾರಿ ಅಂದರೆ ನಾಲ್ಕು ಸೆಸ್ಟರ್ಸ್ ಬೆಲೆಯ ರೋಮನ್ ಬೆಳ್ಳಿ ನಾಣ್ಯ. ಅವನ ಕಾಲದ ಸೈನಿಕನಿಗೆ ವರ್ಷಕ್ಕೆ 225 ದಿನಾರಿ. ಒಂದು ಪೌಂಡ್ ಕರಿಮೆಣಸಿಗೆ ಆರೇಳು ದಿನದ ದುಡಿಮೆ. ದುಬಾರಿ ಹೌದು, ಆದರೆ ಒಂದು ಹಿಡಿ ಕೊಳ್ಳಲಾಗದಷ್ಟಲ್ಲ. ಜರ್ಮನಿಯ ಓಬರಾಡೆನ್‌ನ ಸೇನಾ ಶಿಬಿರದಲ್ಲೂ ಕಾಳುಮೆಣಸು ಸಿಕ್ಕಿದೆ. ಮೆಣಸಿನ ತೊಂದರೆ ಏನಂದರೆ ತಿಂದರೆ ಮುಗಿಯಿತು, ಕುರುಹು ಉಳಿಯಲ್ಲ. ಹಾಗಾಗಿಯೇ ಬೆರೆನಿಕೆಯ ಸೆರಾಪಿಸ್ ದೇವಸ್ಥಾನದ ಅಂಗಳದಲ್ಲಿ ನೆಲದಲ್ಲಿ ಹೂತ, ಭಾರತದಲ್ಲಿ ಮಾಡಿದ ದೊಡ್ಡ ಮಣ್ಣಿನ ಜಾಡಿಯೊಳಗೆ 7.5 ಕೆಜಿ ಕರಿಮೆಣಸು ಹಾಗೇ ಸಿಕ್ಕಿದ್ದು ಅಷ್ಟು ದೊಡ್ಡ ಸುದ್ದಿಯಾಯಿತು.

ನಾಣ್ಯದ ಕಥೆ ಇದಕ್ಕೆ ಉಲ್ಟಾ, ಅದು ಬಂದಲ್ಲೇ ಉಳಿಯುತ್ತದೆ. 1ನೇ ಶತಮಾನದ "ಪೆರಿಪ್ಲಸ್" ಅನ್ನೋ ವ್ಯಾಪಾರಿಗಳ ಕೈಪಿಡಿಯಲ್ಲಿ ಮುಜಿರಿಸ್ ಕಡೆಗೆ ಒಯ್ಯಬೇಕಾದ ಸರಕಿನ ಪಟ್ಟಿ ಶುರುವಾಗೋದೇ "ಮುಖ್ಯವಾಗಿ ಬಹಳ ಹಣ" ಅಂತ. ಹವಳ, ಕಚ್ಚಾ ಗಾಜು, ತಾಮ್ರ, ಸ್ವಲ್ಪ ದ್ರಾಕ್ಷಾರಸ ಎಲ್ಲ ಆಮೇಲೆ. ಆ ಹಣ ಘಟ್ಟ ಹತ್ತಿ ನಮ್ಮ ಕಡೆಗೂ ಬಂದಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ದಿನಾರಿ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಎದ್ದು ಕಾಣೋದು ಇಬ್ಬರೇ ಚಕ್ರವರ್ತಿಗಳು, ಅಗಸ್ಟಸ್ ಮತ್ತು ಟೈಬೀರಿಯಸ್.

ಇಲ್ಲೇ ಜಾಸ್ತಿ ಜನ ಜಾರೋದು. ಟೈಬೀರಿಯಸ್ ಸತ್ತದ್ದು ಕ್ರಿ.ಶ. 37ರಲ್ಲಿ, ಹಾಗಾದರೆ ವ್ಯಾಪಾರವೂ ಆಗಲೇ ಜೋರಾಗಿತ್ತು, ಆಮೇಲೆ ಬಿದ್ದುಹೋಯಿತು ಅಂತ ತೀರ್ಮಾನಿಸಿಬಿಡುತ್ತಾರೆ. ಕ್ರಿ.ಶ. 64ರ ಸುಮಾರಿಗೆ ನೀರೊ ದಿನಾರಿಯ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಇಲ್ಲಿನ ವ್ಯಾಪಾರಿ ನಾಣ್ಯವನ್ನು ತೂಗಿ ತಗೊಳ್ಳೋನು, ಅವನಿಗೆ ಚಕ್ರವರ್ತಿಯ ಮುಖ ಯಾರದಾದರೇನು? ಅವನು ಹಳೆಯ, ಒಳ್ಳೆಯ ಬೆಳ್ಳಿಯ ನಾಣ್ಯವನ್ನೇ ಕೇಳುತ್ತಾನೆ. ಹಡಗಿನವರೂ ಹುಡುಕಿ ಅದನ್ನೇ ತರುತ್ತಾರೆ. ಅಂದರೆ ನಾಣ್ಯದ ಮೇಲಿನ ಹೆಸರು ಅದನ್ನು ಟಂಕಿಸಿದ ಕಾಲ ಹೇಳುತ್ತದೆ, ಅದು ಇಲ್ಲಿಗೆ ಬಂದ ಕಾಲವನ್ನಲ್ಲ. ನಿಧಿಯ ಜೊತೆ ಸಿಕ್ಕ ಮಡಕೆ, ಪದರ, ನಾಣ್ಯದ ಸವೆತ ಎಲ್ಲ ನೋಡಿಯೇ ಕಾಲ ಹೇಳಬೇಕು. ಇನ್ನೊಂದು ವಿಚಿತ್ರ ಪುದುಕ್ಕೋಟ್ಟೈ ನಿಧಿಯದು. 1898ರಲ್ಲಿ ಅಲ್ಲಿ 501 ಚಿನ್ನದ ನಾಣ್ಯ ಸಿಕ್ಕವು, ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೆ ಅಡ್ಡ ಉಳಿಯಿಂದ ಕಚ್ಚು ಹೊಡೆದಿದ್ದಾರೆ. ಚಲಾವಣೆಯಿಂದ ತೆಗೆಯೋಕೆ ಅಂತ ಕೆಲವರು, ಒಳಗೂ ಚಿನ್ನವೇನಾ ಅಂತ ನೋಡೋಕೆ ಅಂತ ಕೆಲವರು. ಎರಡರಲ್ಲಿ ಯಾವುದೇ ಇರಲಿ, ಇಲ್ಲಿ ಅದಕ್ಕೆ ಬೆಲೆ ಬಂದದ್ದು ಲೋಹಕ್ಕೆ, ಮುಖಕ್ಕಲ್ಲ.

ಇನ್ನು ವಿಚಾರಗಳು. ಇವು ಚೀಲದಲ್ಲಿ ಬರಲ್ಲ, ಜನ ಬರಬೇಕು, ಬಂದವರು ನಿಲ್ಲಬೇಕು. ಮತ್ತೆ ಗಾಳಿಗೇ ಬರೋಣ. ಈಜಿಪ್ಟಿನವರು ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂದರೆ ಎರಡು ಮೂರು ತಿಂಗಳು ಕಾಯಬೇಕು. ಇಲ್ಲಿಂದ ಚಳಿಗಾಲದ ಗಾಳಿಯಲ್ಲಿ ಹೋದವರು ಫೆಬ್ರವರಿ–ಮಾರ್ಚ್ ಹೊತ್ತಿಗೆ ಬೆರೆನಿಕೆ ಸೇರಿದರೆ, ಮತ್ತೆ ಹೊರಡೋಕೆ ಜುಲೈ ಬರಬೇಕು. ನಾಲ್ಕೈದು ತಿಂಗಳು! ಆ ಮರುಭೂಮಿಯ ಬಂದರಿನಲ್ಲಿ ಭಾರತೀಯರ ಗುರುತು ಅಷ್ಟು ದಟ್ಟವಾಗಿರೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಅಲ್ಲಿನ ಕಸದ ಗುಂಡಿಗಳಲ್ಲಿ ಅಕ್ಕಿ, ಹೆಸರುಕಾಳು, ತೆಂಗಿನಕಾಯಿ ಸಿಕ್ಕಿವೆ, ಭಾರತದ ಅಡುಗೆ ಮಡಕೆಗಳೂ ಸಿಕ್ಕಿವೆ. ಮಾರೋಕೆ ತಂದ ಸರಕಾದರೆ ಹಳೆಯ ಅಡುಗೆ ಮಡಕೆ ಯಾಕೆ ಬರುತ್ತದೆ ಹೇಳಿ. ಇನ್ನೊಂದು ಬಂದರಾದ ಮಿಯೋಸ್ ಹಾರ್ಮೋಸ್‌ನಲ್ಲಿ ಮಡಕೆ ಚೂರುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಕಣನ್, ಚಾತನ್ ಅನ್ನೋ ಹೆಸರುಗಳಿವೆ.

2022ರಲ್ಲಿ ಬೆರೆನಿಕೆಯ ಐಸಿಸ್ ದೇವಸ್ಥಾನದಲ್ಲಿ ಸಿಕ್ಕ ಬುದ್ಧನ ಮೂರ್ತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎತ್ತರ 71 ಸೆಂ.ಮೀ., ಕಾಲ 2ನೇ ಶತಮಾನದ ಸುಮಾರು. ತಲೆಯ ಹಿಂದೆ ಸೂರ್ಯಕಿರಣದಂಥ ಪ್ರಭೆ, ಪಕ್ಕದಲ್ಲಿ ತಾವರೆ. ಆದರೆ ಕಲ್ಲು ಭಾರತದ್ದಲ್ಲ! ಇಸ್ತಾಂಬುಲ್‌ನ ದಕ್ಷಿಣದ ಕಡೆಯ ಅಮೃತಶಿಲೆ ಇರಬಹುದು, ಕೆತ್ತಿದ್ದು ಈಜಿಪ್ಟಿನಲ್ಲೇ ಇರಬಹುದು ಅಂತ ತೆಗೆದವರ ಅಂದಾಜು. ಮೂರ್ತಿ ಹಡಗಿನಲ್ಲಿ ಬರಲಿಲ್ಲ, ಅದರ ಕಲ್ಪನೆ ಬಂತು. ಅಲ್ಲಿ ನಿಂತ ಯಾರೋ ದುಡ್ಡು ಕೊಟ್ಟು ಮಾಡಿಸಿದರು, ಅದೂ ಈಜಿಪ್ಟಿನ ದೇವಿಯ ಗುಡಿಯಲ್ಲಿ ಇಟ್ಟರು. ಅದೇ ಗುಡಿಯಲ್ಲಿ ರೋಮನ್ ಚಕ್ರವರ್ತಿ ಫಿಲಿಪ್‌ನ (244–249) ಕಾಲದ ಸಂಸ್ಕೃತ ಶಾಸನ ಸಿಕ್ಕಿದೆ, ಎರಡು ಸಾತವಾಹನ ನಾಣ್ಯಗಳೂ ಸಿಕ್ಕಿವೆ. ಬನವಾಸಿ, ಸನ್ನತಿ ಕಡೆಯೆಲ್ಲ ಆಳಿದ ಅದೇ ಸಾತವಾಹನರು.

ಇದೇ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ವಿಷಯ ಕನ್ನಡದವರಾದ ನಾವು ಕೇಳದೆ ಬಿಡಲ್ಲ. ಭಾರತದ ಕರಾವಳಿಯ ರಾಜನೊಬ್ಬನ ಕೈಗೆ ಸಿಕ್ಕ ಖಾರಿಟಿಯನ್ ಎಂಬ ಹೆಣ್ಣನ್ನು, ರಾಜನಿಗೆ ಕುಡಿಸಿ ಮತ್ತೇರಿಸಿ ಬಿಡಿಸಿಕೊಂಡು ಹೋಗೋ ಕಥೆ. ರಾಜನ ಕಡೆಯವರು ಆಡೋ ಅರ್ಥವಾಗದ ಮಾತು ಹಳೆಯ ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಚ್ ಹೇಳಿದ, ಆಮೇಲೆ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ, ಬರೀ ನಗಿಸೋಕೆ ಮಾಡಿದ ಗದ್ದಲದ ಸದ್ದು ಅನ್ನೋರೂ ಇದ್ದಾರೆ. ಹಾಗಾಗಿ ಉತ್ತರಪತ್ರಿಕೆಯಲ್ಲಿ "ಮೊದಲ ಕನ್ನಡ" ಅಂತ ಖಡಾಖಂಡಿತವಾಗಿ ಬರೆಯಬೇಡಿ. ಧೈರ್ಯವಾಗಿ ಬರೆಯಬಹುದಾದದ್ದು ಇಷ್ಟು: 2ನೇ ಶತಮಾನದ ಹೊತ್ತಿಗೆ ನೈಲ್ ದಂಡೆಯ ಊರಿನ ಪ್ರೇಕ್ಷಕರಿಗೆ ಭಾರತದ ಕರಾವಳಿ ಹಾಸ್ಯಪ್ರಸಂಗ ಕಟ್ಟಿ ಆಡಿಸುವಷ್ಟು ಕೇಳಿ ಗೊತ್ತಿದ್ದ ಜಾಗವಾಗಿತ್ತು.